‘ಸೂಪರ್’ ಅಂದರೆ ಎಷ್ಟು ರೊಟ್ಟಿ?

ಹೋದ ವರ್ಷ ನಾವು ಒಂದು ತಪ್ಪು ಮಾಡಿದೆವು. ಜಿಲ್ಲಾ ಕೇಂದ್ರದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿರುವ ಒಂದು ಖಾನಾವಳಿಯ ಬಗ್ಗೆ ಹತ್ತು ಸಾಲು ಬರೆದೆವು. ‘ಅಪ್ಪಟ ಜವಾರಿ ಊಟ, ಬಾಯಿ ಚಪ್ಪರಿಸುವ ರುಚಿ, ಹೊಟ್ಟೆ ತುಂಬ ಬಡಿಸ್ತಾರೆ, ಸ್ವಚ್ಛ ಪರಿಸರ, ಒಮ್ಮೆ ಹೋಗಲೇಬೇಕು’ ಅಂತ. ಜೊತೆಗೆ ತಾಟಿನ ಫೋಟೊ. ಆ ದಿನ ಮಾಲೀಕರು ನಮ್ಮನ್ನು ಫ್ಯಾನ್ ಕೆಳಗೆ ಕೂರಿಸಿ, ತಾವೇ ನಿಂತು ಬಡಿಸಿದ್ದರು. ದುಡ್ಡು ಕೊಡಲು ಹೋದರೆ ‘ಬ್ಯಾಡ್ರೀ, ಪೇಪರ್‌ನವ್ರು ನೀವು’ ಅಂದಿದ್ದರು. ಅದೊಂದನ್ನು ಮಾತ್ರ ನಾವು ಬರೆಯಲಿಲ್ಲ.

ಎಂಟು ದಿನಕ್ಕೆ ಒಂದು ಫೋನ್ ಬಂತು. ನಲವತ್ತು ಕಿಲೋಮೀಟರ್ ದೂರದ ಊರಿನ ಓದುಗರು. ತಾಯಿಯನ್ನು ಜಿಲ್ಲಾ ಆಸ್ಪತ್ರೆಗೆ ಕರೆತಂದವರು ನಮ್ಮ ಬರಹ ನೆನಪಾಗಿ ಅಲ್ಲಿಗೆ ಊಟಕ್ಕೆ ಹೋಗಿದ್ದರು. ‘ಸರ, ಹೊಟ್ಟಿ ತುಂಬ ಬಡಸ್ತಾರ ಅಂತ ಬರದಿದ್ರಿ. ನಮಗ ಎರಡ ರೊಟ್ಟಿಗೆ ನಿಲ್ಲಿಸಿದ್ರು. ಮುಂದಿನ ರೊಟ್ಟಿಗೆ ಹದಿನೈದು ರೂಪಾಯಿ. ಇಬ್ಬರಿಗೆ ನೂರಾ ಎಂಬತ್ತು ಅಂತ ಲೆಕ್ಕ ಹಾಕ್ಕೊಂಡು ಹೋದವ್ರು ಎರಡನೂರಾ ನಲವತ್ತು ಕೊಟ್ಟು ಬಂದ್ವಿ. ಬಸ್ ಚಾರ್ಜಿಗೆ ಕಡಿಮಿ ಬಿತ್ತು.’ ಅವರು ಬೈಯಲಿಲ್ಲ. ಇಷ್ಟು ಹೇಳಿ ಫೋನ್ ಇಟ್ಟರು. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಆ ಅರವತ್ತು ರೂಪಾಯಿ ನಮ್ಮಿಂದ ಹೋದದ್ದು. ಖಾನಾವಳಿಯವರು ಮೋಸ ಮಾಡಲಿಲ್ಲ, ಅವರ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಊಟಕ್ಕೆ 2 ರೊಟ್ಟಿ’ ಅಂತ ಬರೆದೇ ಇತ್ತು. ಅದನ್ನು ಓದದೆ ‘ಹೊಟ್ಟೆ ತುಂಬ’ ಅಂತ ಬರೆದವರು ನಾವು. ಮಾಲೀಕರು ನಮಗೆ ಮಾತ್ರ ಎಣಿಸದೆ ಹಾಕಿದ್ದರು. ನಾವು ಉಂಡ ಊಟ ಬೇರೆ, ಓದುಗರು ಉಂಡ ಊಟ ಬೇರೆ.

ಅದಕ್ಕೇ ಈ ಬರಹ. ಇವತ್ತು ನಿಮ್ಮ ಫೋನಿನಲ್ಲಿ ದಿನಕ್ಕೆ ಹತ್ತು ಹೋಟೆಲ್ ವಿಡಿಯೊ ಬರುತ್ತವೆ. ಎಲ್ಲದರಲ್ಲೂ ಒಬ್ಬರು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ‘ಗುರು, ಬೆಂಕಿ’ ಅನ್ನುತ್ತಾರೆ. ಎಷ್ಟು ಬಡಿಸಿದರು, ಎಷ್ಟು ದುಡ್ಡು ಆಯಿತು, ಆ ಊಟಕ್ಕೆ ದುಡ್ಡು ಕೊಟ್ಟರೋ ಇಲ್ಲವೋ ಹೇಳುವುದಿಲ್ಲ. ಪೇಪರಿನ ಪುರವಣಿಯಲ್ಲಿ ಬರುವ ‘ರುಚಿಯ ತಾಣ’ ಅಂಕಣಗಳೂ ಹೆಚ್ಚಿನವು ಇದೇ ಜಾತಿಯವು, ಅಕ್ಷರದಲ್ಲಿವೆ ಅಷ್ಟೇ. ಇನ್ನೊಂದು ಕಡೆ, ಸಾರಿನಲ್ಲಿ ಒಂದು ಕೂದಲು ಸಿಕ್ಕಿತೆಂದು ‘ವಿಷ ಬಡಿಸ್ತಾರೆ, ಷೇರ್ ಮಾಡಿ’ ಅಂತ ಗ್ರೂಪಿಗೆ ಹಾಕುವವರು. ಎರಡೂ ಸುಳ್ಳೇ. ಮೊದಲನೆಯದು ಉಣ್ಣುವವರ ಜೇಬಿಗೆ ಹೊಡೆಯುತ್ತದೆ, ಎರಡನೆಯದು ಬಡಿಸುವವರ ಹೊಟ್ಟೆಗೆ.

ಮೊದಲನೆಯ ಜಾತಿಗೆ ಒಂದು ನಿಯಮವೂ ಇದೆ. ಜಾಲತಾಣಗಳಲ್ಲಿ ಹೊಗಳಿ ಪ್ರಚಾರ ಮಾಡುವವರು ಪಡೆದದ್ದು ದುಡ್ಡಾಗಲಿ, ಪುಕ್ಕಟೆ ವಸ್ತುವಾಗಲಿ, ಸೇವೆಯಾಗಲಿ, ಅದನ್ನು ನೋಡುವವರಿಗೆ ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪುಕ್ಕಟೆ ಊಟವೂ ಅದರೊಳಗೇ ಬರುತ್ತದೆ. ನಾವೂ ಅದನ್ನು ಮುರಿದವರೇ ಅಂತ ಮೊದಲು ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತಿದ್ದೇವೆ.

ತಪ್ಪು ತಿದ್ದಬೇಕಲ್ಲ. ಅದೇ ಖಾನಾವಳಿಗೆ ಮತ್ತೆ ಹೋದೆವು. ಮಾಲೀಕರಿಗೆ ಮುಖ ಗೊತ್ತಿದ್ದವರು ಹೊರಗೆ ಚಹಾದಂಗಡಿಯಲ್ಲಿ ಕುಳಿತರು, ಗೊತ್ತಿಲ್ಲದ ಇಬ್ಬರು ಒಳಗೆ ಹೋದರು. ಎರಡು ಸಲ ಹೋದೆವು. ಒಮ್ಮೆ ಸಂತೆಯ ದಿನ ಮಧ್ಯಾಹ್ನ ಒಂದೂ ಹತ್ತಕ್ಕೆ, ಇನ್ನೊಮ್ಮೆ ಮಾಮೂಲಿ ದಿನ ಮೂರೂ ಇಪ್ಪತ್ತಕ್ಕೆ. ಎರಡೂ ಸಲ ದುಡ್ಡು ಕೊಟ್ಟೆವು. ಎರಡು ಸಲ ಯಾಕೆಂದರೆ, ಒಂದು ಗಂಟೆಗೆ ಸಿಗುವ ಊಟವೇ ಬೇರೆ, ಮೂರು ಗಂಟೆಗೆ ಸಿಗುವುದೇ ಬೇರೆ. ಆಸ್ಪತ್ರೆಯಲ್ಲಿ ಪಾಳಿ ಹಚ್ಚಿ, ತಹಶೀಲ್ದಾರ್ ಕಚೇರಿಯಲ್ಲಿ ಕಾದು ಬರುವ ನಮ್ಮ ಓದುಗರು ಉಣ್ಣುವುದು ಹೆಚ್ಚಾಗಿ ಮೂರು ಗಂಟೆಗೇ.

ಮೊದಲು ರೊಟ್ಟಿ. ಜೋಳದ ರೊಟ್ಟಿ ನೋಡಿ ‘ಸಾಫ್ಟ್ ಆಗಿದೆ’ ಅಂತ ಹೊಗಳಿ ಮುಗಿಸುವುದನ್ನು ನೀವು ಕೇಳಿರುತ್ತೀರಿ. ಮನೆಯಲ್ಲಿ ರೊಟ್ಟಿ ಬಡಿಯುವ ಅವ್ವಂದಿರಿಗೆ ಆ ಮಾತು ಸಾಲದು. ಜೋಳದ ಹಿಟ್ಟಿಗೆ ಗೋದಿಯಂತೆ ಹಿಗ್ಗುವ ಗುಣವಿಲ್ಲ. ಅದಕ್ಕೇ ಕುದಿವ ಎಸರು ಹಾಕಿ ನಾದುತ್ತಾರೆ, ಆ ಬಿಸಿಗೆ ಹಿಟ್ಟು ಜಿಗುಟು ಹಿಡಿಯುತ್ತದೆ. ಬೀಸಿಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಕಡಿಮೆ, ಬಡಿಯುವಾಗ ಅಂಚು ಬಿರಿಯುತ್ತದೆ, ಹಿಟ್ಟು ಇನ್ನೂ ಹಳೆಯದಾದರೆ ತಿಂದಮೇಲೆ ನಾಲಿಗೆಯ ಹಿಂದೆ ಕಹಿ ಉಳಿಯುತ್ತದೆ. ಆದ್ದರಿಂದ ರೊಟ್ಟಿಯ ಬಗ್ಗೆ ಹೇಳಬೇಕಾದ್ದು ಮೂರು ಮಾತು. ಅಂಚು ಹೇಗಿತ್ತು, ನಡುವೆ ಹಸಿ ಇತ್ತೇ, ತಿಂದಮೇಲೆ ಏನು ರುಚಿ ಉಳಿಯಿತು.

ಇಲ್ಲಿನ ರೊಟ್ಟಿಯ ಅಂಚು ಬಿರಿದಿರಲಿಲ್ಲ, ನಡುವೆ ಬೆಂದಿತ್ತು, ಕಹಿ ಇರಲಿಲ್ಲ. ಆದರೆ ಮುರಿದರೆ ಮುರಿಯುವ ಬದಲು ಸ್ವಲ್ಪ ಜಗ್ಗುತ್ತಿತ್ತು. ‘ಜೋಳದ ರೊಟ್ಟಿ ಹೆಸರಲ್ಲಿ ಕಲಬೆರಕೆ’ ಅಂತ ಅಲ್ಲೇ ಬರೆದುಬಿಡಬಹುದಿತ್ತು. ಬರೆಯಲಿಲ್ಲ, ಕೇಳಿದೆವು. ಒಲೆ ಮುಂದಿದ್ದ ಅಕ್ಕ ನಕ್ಕು ಹೇಳಿದರು: ‘ಸ್ವಲ್ಪ ಗೋದಿ ಹಿಟ್ಟು ಕಲಸ್ತೀವ್ರಿ. ಸಂತಿ ದಿನ ಲಗೂ ಲಗೂ ಬಡೀಬೇಕಲ್ರೀ, ಹರೀತಾವು.’ ಕೇಳಿದ್ದರಿಂದ ಅನುಮಾನ ಹೋಗಿ ಸಂಗತಿ ಸಿಕ್ಕಿತು. ಸಕ್ಕರೆ ಕಾಯಿಲೆಗೆಂದು ಜೋಳವನ್ನೇ ಹುಡುಕುವವರಿಗೆ, ಗೋದಿ ಒಗ್ಗದವರಿಗೆ ಈ ಸಂಗತಿ ಬೇಕು. ಮಿಕ್ಕವರಿಗೆ ಅದು ದೋಷವೇ ಅಲ್ಲ.

ಇನ್ನು ಅಳತೆ. ಎರಡು ರೊಟ್ಟಿ ಪಾರ್ಸೆಲ್ ತೆಗೆದುಕೊಂಡು, ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟೆವು. ಎರಡೂ ಸೇರಿ 130 ಗ್ರಾಂ. ನಮ್ಮ ಮನೆಯ ಎರಡು ರೊಟ್ಟಿ ಮರುದಿನ ತೂಗಿದರೆ 210 ಗ್ರಾಂ ಬಂತು. ಅಂದರೆ ಇಲ್ಲಿನ ಮೂರು ರೊಟ್ಟಿ ತಿಂದರೂ ಮನೆಯ ಎರಡಕ್ಕೆ ಸಮ ಆಗುವುದಿಲ್ಲ. ಅಂಗಡಿಯವರು ‘ಏನ್ರೀ, ರೊಟ್ಟಿ ತೂಗಾಕ ಬಂದೀರಿ?’ ಅಂತ ನಕ್ಕರು. ನಗಲಿ. ‘ಹೊಟ್ಟೆ ತುಂಬ’ ಅಂತ ನಾವು ಬರೆದದ್ದಕ್ಕಿಂತ ಆ ತಕ್ಕಡಿ ಹೇಳಿದ ಒಂದು ಸಂಖ್ಯೆ ಹೆಚ್ಚು ಉಪಯೋಗದ್ದು. ತಕ್ಕಡಿ ಇಲ್ಲದಿದ್ದರೆ ಕೈಯಗಲ ಸಾಕು. ಬೆರಳು ಬಿಡಿಸಿಟ್ಟ ಅಂಗೈಗಿಂತ ಎಷ್ಟು ದೊಡ್ಡದು ಅಂತ ಹೇಳಿದರೂ ಓದುಗರಿಗೆ ಅಂದಾಜು ಸಿಗುತ್ತದೆ.

ಎಣ್ಣೆಗಾಯಿ ಬದನೆಕಾಯಿಗೆ ಬರೋಣ. ಇದನ್ನು ನೋಡುವುದು ತೊಟ್ಟಿನಿಂದ. ತೊಟ್ಟಿನ ಬುಡದ ತಿರುಳು ಬೆರಳಿಂದ ಒತ್ತಿದರೆ ಮೆತ್ತಗಾಗಬೇಕು. ಕೆಳಗಿನ ಭಾಗ ಬೆಂದು ತೊಟ್ಟಿನ ಕಡೆ ಗಟ್ಟಿ ಉಳಿದರೆ ಅವಸರದ ಅಡುಗೆ. ಆಮೇಲೆ ತುಂಬಿದ ಮಸಾಲೆ. ಶೇಂಗಾ, ಎಳ್ಳು, ಗುರೆಳ್ಳು ಹುರಿಯುವಾಗ ಸ್ವಲ್ಪ ಹೊತ್ತಿದರೂ ಮಸಾಲೆ ಕಹಿಯಾಗುತ್ತದೆ, ಹುಣಸೆಹುಳಿ, ಬೆಲ್ಲ ಎಷ್ಟು ಹಾಕಿದರೂ ಆ ಕಹಿ ಮುಚ್ಚುವುದಿಲ್ಲ. ಸಂತೆಯ ದಿನ ಇಲ್ಲಿನ ಬದನೆ ತೊಟ್ಟಿನವರೆಗೂ ಬೆಂದಿತ್ತು, ಮಸಾಲೆಯಲ್ಲಿ ಗುರೆಳ್ಳಿನ ಘಮ ಗೊತ್ತಾಗುತ್ತಿತ್ತು, ಖಾರ ಒಂದು ಲೋಟ ನೀರು ಕುಡಿಸುವಷ್ಟಿತ್ತು. ಒಬ್ಬೊಬ್ಬರಿಗೆ ನಿಂಬೆಹಣ್ಣಿನ ಗಾತ್ರದ ಎರಡು ಕಾಯಿ ಹಾಕಿದರು. ಇನ್ನೊಂದು ದಿನ ಮೂರು ಗಂಟೆಗೆ ಒಂದೇ ಕಾಯಿ, ಮಿಕ್ಕಿದ್ದು ಬರೀ ಗೊಜ್ಜು. ದರ ಮಾತ್ರ ಅದೇ ತೊಂಬತ್ತು.

‘ರುಚಿ ಅವರವರ ನಾಲಿಗೆಗೆ ಬಿಟ್ಟದ್ದು, ನೀವು ಯಾರು ಹೇಳೋಕೆ?’ ಅಂತ ಕೇಳುವವರಿದ್ದಾರೆ. ಒಪ್ಪುತ್ತೇವೆ. ಅದಕ್ಕೇ ‘ರುಚಿ ಅದ್ಭುತ’ ಅಂತ ತೀರ್ಪು ಕೊಡಬಾರದು ಅನ್ನುವುದು. ತೊಟ್ಟು ಬೆಂದಿತ್ತು, ಗುರೆಳ್ಳು ಹೊತ್ತಿರಲಿಲ್ಲ, ಒಂದು ಲೋಟ ನೀರು ಬೇಕಾಯಿತು ಅಂತ ಹೇಳಿದರೆ ಖಾರ ಇಷ್ಟಪಡುವವರು ಹೋಗುತ್ತಾರೆ, ಹೊಟ್ಟೆ ಉರಿಯುವವರು ಬೇರೆ ಕಡೆ ಹೋಗುತ್ತಾರೆ. ನಮ್ಮ ನಾಲಿಗೆಯನ್ನು ಅವರು ನಂಬಬೇಕಾಗಿಲ್ಲ.

ಜುಣಕದ ಬಗ್ಗೆ ಒಂದೇ ಮಾತು. ಕಡಲೆಹಿಟ್ಟು ಸರಿಯಾಗಿ ಬೇಯದಿದ್ದರೆ ಹಸಿ ಹಿಟ್ಟಿನ ರುಚಿ ನಾಲಿಗೆಗೆ ಅಂಟಿಕೊಳ್ಳುತ್ತದೆ. ಇಲ್ಲಿ ಎರಡೂ ದಿನ ಹಾಗಾಗಿರಲಿಲ್ಲ. ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು ಕೇಳಿದಷ್ಟು ಹಾಕಿದರು. ಮೊಸರು ಮಾತ್ರ ಸಣ್ಣ ಬಟ್ಟಲಿನ ಅರ್ಧಕ್ಕೆ, ಅದೂ ಬೆರಳು ಅದ್ದಿದರೆ ಅಂಟದಷ್ಟು ನೀರು.

ಈಗ ಕಾಳುಪಲ್ಯ. ಈ ಬರಹದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇದು. ಮಡಕೆಕಾಳನ್ನು ನೆನೆಸಿ, ಮೊಳಕೆ ಬರಿಸಿ ಮಾಡುವ ಪಲ್ಯ ಬೇಸಿಗೆಯಲ್ಲಿ ಬೇಗ ಕೆಡುತ್ತದೆ. ಸಂತೆಯ ದಿನ ಒಂದು ಗಂಟೆಗೆ ಅದು ಹಬೆಯಾಡುತ್ತಿತ್ತು, ಕಾಳು ಇಡಿಯಾಗಿದ್ದೂ ಒತ್ತಿದರೆ ಹಿಟ್ಟಾಗುತ್ತಿತ್ತು. ಎರಡನೇ ಭೇಟಿಯಲ್ಲಿ ಮೂರೂ ಇಪ್ಪತ್ತಕ್ಕೆ ಅದು ಉಗುರುಬೆಚ್ಚಗಿತ್ತು. ಒಂದು ತುತ್ತಿಗೆ ಹುಳಿ ಅನ್ನಿಸಿತು. ಹುಳಿ ಎಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ, ಟೊಮೆಟೊ ಹಾಕಿರಬಹುದು, ಹುಣಸೆ ಹಿಂಡಿರಬಹುದು. ನೋಡಿದೆವು, ಟೊಮೆಟೊ ಕಾಣಲಿಲ್ಲ. ಮೂಗಿನ ಹತ್ತಿರ ತಂದರೆ ಹುದುಗಿನ ವಾಸನೆ. ಎರಡು ಬೆರಳಿನ ನಡುವೆ ಕಾಳು ಹಿಸುಕಿದರೆ ಲೋಳೆ, ಬೆರಳು ಅಗಲಿಸಿದರೆ ಸಣ್ಣ ಎಳೆ. ಈ ಮೂರೂ ಸೇರಿದರೆ ಅನುಮಾನ ಬೇಡ, ಅದು ಹಳಸಿದೆ.

ಅಲ್ಲಿಗೆ ಬಿಟ್ಟು, ಬಡಿಸುವ ಹುಡುಗನನ್ನು ಕರೆದು ‘ತಮ್ಮಾ, ಇದನ್ನ ಸ್ವಲ್ಪ ನೋಡು’ ಅಂದೆವು. ಅವನು ಮಾಲೀಕರನ್ನು ಕರೆದ. ಅವರು ಬಟ್ಟಲೆತ್ತಿ ಮೂಸಿ, ಏನೂ ವಾದ ಮಾಡದೆ ಒಳಗೆ ಹೋಗಿ ಪಾತ್ರೆಯನ್ನೇ ಎತ್ತಿಸಿದರು. ಪಕ್ಕದ ಮೇಜಿನಲ್ಲಿ ಅದನ್ನೇ ಹಾಕಿಸಿಕೊಂಡಿದ್ದ ಇಬ್ಬರಿಗೂ ತೆಗೆಯಿಸಿ, ಬೇಳೆಪಲ್ಯ ಹಾಕಿಸಿದರು. ‘ಮುಂಜಾನಿ ಹತ್ತಕ್ಕ ಮಾಡಿದ್ರೀ, ಇವತ್ತ ಸೆಕಿ ಭಾಳ. ತಪ್ಪಾತು’ ಅಂದರು.

ಹೇಳಿ, ಇದನ್ನು ಹೇಗೆ ಬರೆಯುವುದು? ‘ಹಳಸಿದ ಪಲ್ಯ ಬಡಿಸುವ ಖಾನಾವಳಿ’ ಅಂತ ಬರೆದರೆ ನಾಳೆ ಮುಂಜಾನೆಯೊಳಗೆ ಸಾವಿರ ಫೋನಿಗೆ ಹೋಗುತ್ತದೆ. ಪಲ್ಯ ಹಳಸಿದ್ದು ನಿಜ. ಮಾಲೀಕರು ಪಾತ್ರೆ ಎತ್ತಿಸಿದ್ದೂ ಅಷ್ಟೇ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಹೇಳಿದ್ದೂ ಸುಳ್ಳಾಗುತ್ತದೆ. ಹಾಗಂತ ‘ಪಾಪ, ಒಳ್ಳೆಯವರು’ ಅಂತ ಪಲ್ಯದ ಮಾತನ್ನೇ ನುಂಗಿದರೆ, ನಾಳೆ ಮೂರು ಗಂಟೆಗೆ ಅಲ್ಲಿಗೆ ಹೋಗುವವರಿಗೆ ನಾವು ಮೋಸ ಮಾಡಿದಂತೆ. ಎರಡನ್ನೂ ಬರೆಯಬೇಕು, ದಿನ ಮತ್ತು ಹೊತ್ತಿನ ಸಮೇತ. ಉತ್ಪ್ರೇಕ್ಷೆ ಬೇಡ ಅಂದರೆ ಮೆತ್ತಗೆ ಬರೆಯಬೇಕು ಅಂತಲ್ಲ. ಆದಷ್ಟೇ ಬರೆಯಬೇಕು.

ಅನ್ನದ ವಿಷಯವೂ ಇದರ ಜೊತೆಗೇ ಬರುತ್ತದೆ. ಮಾಡಿದ ಅನ್ನವನ್ನು ಗಂಟೆಗಟ್ಟಲೆ ಉಗುರುಬೆಚ್ಚಗೆ ಮುಚ್ಚಿಟ್ಟರೆ ಅದರಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ, ವಾಸನೆಯಿಂದ ಗೊತ್ತಾಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಬಿಸಿಯಾಗಿ ಬಡಿಸುವ ಅಡುಗೆಯನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬಾರದು ಅನ್ನುವ ನಿಯಮ ಇದಕ್ಕೇ ಇರುವುದು. ಉಣ್ಣಲು ಹೋದವರು ಥರ್ಮಾಮೀಟರ್ ಹಿಡಿದು ಹೋಗುವುದಿಲ್ಲ. ಆದರೆ ಅಷ್ಟು ಬಿಸಿಯ ಅನ್ನ ತಾಟಿಗೆ ಬಿದ್ದರೆ ಹಬೆ ಏಳುತ್ತದೆ, ಬೆರಳಿಗೆ ಚುರುಕ್ಕೆನ್ನುತ್ತದೆ. ನಮ್ಮ ಎರಡನೇ ಭೇಟಿಯಲ್ಲಿ ಅನ್ನ ಹಬೆಯಾಡುತ್ತಿತ್ತು. ಆಗಷ್ಟೇ ಇನ್ನೊಂದು ಪಾತ್ರೆ ಇಳಿಸಿದ್ದರು. ಅದನ್ನು ಬರೆಯದಿದ್ದರೆ ಅವರಿಗೆ ಅನ್ಯಾಯ.

ಸೇವೆ ಅಂದರೆ ‘ನಗುಮೊಗದ ಸಿಬ್ಬಂದಿ’ ಅಂತ ಬರೆಯುವುದಲ್ಲ. ಎರಡನೇ ಸಲಕ್ಕೆ ಕೇಳದೆ ಬಂದರೋ, ಕರೆದರೂ ಬರಲಿಲ್ಲವೋ, ಎಲ್ಲರಿಗೂ ಒಂದೇ ಥರ ಬಡಿಸಿದರೋ ಅಂತ ನೋಡಬೇಕು. ಸಂತೆಯ ದಿನ ನಮ್ಮ ಎದುರಿನ ಮೇಜಿಗೆ ಇಬ್ಬರು ಬಂದರು, ಬೂಟು, ಕೈಯಲ್ಲಿ ಕಾರಿನ ಕೀಲಿ. ಪಕ್ಕದ ಮೇಜಿಗೆ ಕುರಿ ಮಾರಿ ಬಂದ ಇಬ್ಬರು ಹಿರಿಯರು, ಹೆಗಲ ಮೇಲೆ ಕಂಬಳಿ. ನಾವು ಎಣಿಸಿದೆವು. ಕಾರಿನವರ ಹತ್ತಿರ ಹುಡುಗ ಕರೆಯದೆ ಮೂರು ಸಲ ಹೋದ, ಮೊಸರು ಎರಡು ಸಲ ಹಾಕಿದ. ಹಿರಿಯರು ‘ತಮ್ಮಾ, ಸಾರು’ ಅಂತ ಮೂರು ಸಲ ಕೂಗಿದ ಮೇಲೆ ಒಂದು ಸಲ ಬಂದ. ಎರಡೂ ಮೇಜಿನ ಬಿಲ್ಲು ಒಂದೇ ದರ. ಮಾಲೀಕರು ಬೇಕೆಂದೇ ಹೀಗೆ ಮಾಡಿಸುತ್ತಾರೆ ಅಂತ ನಾವು ಹೇಳುವುದಿಲ್ಲ, ನಮಗೆ ಅವರ ಮನಸ್ಸು ಕಾಣುವುದಿಲ್ಲ. ಮೂರು ಸಲ, ಒಂದು ಸಲ ಅನ್ನುವುದು ಮಾತ್ರ ಕಂಡಿದೆ. ‘ಸೂಪರ್ ಸರ್ವಿಸ್’ ಅಂತ ವಿಡಿಯೊ ಮಾಡುವವರು ಯಾವಾಗಲೂ ಕಾರಿನ ಮೇಜಿನಲ್ಲೇ ಕುಳಿತಿರುತ್ತಾರೆ. ನಮ್ಮ ಓದುಗರು ಕುಳಿತುಕೊಳ್ಳುವುದು ಕಂಬಳಿಯ ಮೇಜಿನಲ್ಲಿ. ಯಾವ ಮೇಜಿನಿಂದ ಬರೆಯಬೇಕು ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಕೊನೆಗೆ ಸ್ವಚ್ಛತೆ. ಈ ಪದವನ್ನೇ ಬಳಸಬಾರದು ಅಂತ ನಾವು ನಿಶ್ಚಯ ಮಾಡಿದ್ದೇವೆ. ಹೊಸ ಟೈಲ್ಸ್ ಹಾಕಿದ ಹೋಟೆಲು ಫೋಟೊದಲ್ಲಿ ಸ್ವಚ್ಛ ಕಾಣುತ್ತದೆ, ಮಸಿ ಹಿಡಿದ ಗೋಡೆಯ ಖಾನಾವಳಿ ಹೊಲಸು ಕಾಣುತ್ತದೆ. ಹೊಟ್ಟೆ ಕೆಡಿಸುವುದು ಗೋಡೆಯಲ್ಲ. ನೀರು, ಕೈ, ಬಟ್ಟೆ, ಹೊತ್ತು ಮೀರಿದ ಅಡುಗೆ, ಇವು ಕೆಡಿಸುತ್ತವೆ. ಕುಳಿತಲ್ಲಿಂದ ಇವುಗಳಲ್ಲಿ ಏನೇನು ಕಾಣುತ್ತದೋ ಅದನ್ನು ಬರೆದರೆ ಸಾಕು.

ನಮಗೆ ಕಂಡದ್ದು ಇಷ್ಟು. ಕುಡಿಯುವ ನೀರಿನ ಕ್ಯಾನಿಗೆ ನಲ್ಲಿ ಇತ್ತು, ಯಾರೂ ಲೋಟ ಅದ್ದುತ್ತಿರಲಿಲ್ಲ. ಕೈತೊಳೆಯುವಲ್ಲಿ ಸಂತೆಯ ದಿನ ಸೋಪು ಇರಲಿಲ್ಲ, ಎರಡನೇ ದಿನ ಇತ್ತು. ಮೇಜು ಒರೆಸಿದ ಬಟ್ಟೆಯಲ್ಲೇ ಹುಡುಗ ತಾಟಿನ ಅಂಚನ್ನೂ ಒರೆಸಿದ, ಎರಡೂ ದಿನ. ಗಲ್ಲಾದಲ್ಲಿ ದುಡ್ಡು ಎಣಿಸುವವರು ರೊಟ್ಟಿ ಮುಟ್ಟಲಿಲ್ಲ. ಆಹಾರ ಸುರಕ್ಷತೆಯ ಪರವಾನಗಿ ಅಥವಾ ನೋಂದಣಿಯನ್ನು ಕಾಣುವ ಜಾಗದಲ್ಲಿ ಹಾಕಬೇಕು, ಅದರ ಮೇಲೆ 14 ಅಂಕಿಯ ಸಂಖ್ಯೆ ಇರುತ್ತದೆ. ಇಲ್ಲಿ ಗಲ್ಲಾದ ಹಿಂದೆ ತೂಗುಹಾಕಿದ್ದರು. ಅದು ಇದ್ದರೆ ಅಡುಗೆ ಚೊಕ್ಕ ಅಂತ ಅರ್ಥವಲ್ಲ, ದೂರು ಕೊಡಬೇಕಾದರೆ ಆ ಸಂಖ್ಯೆ ಬೇಕಾಗುತ್ತದೆ. ಅಡುಗೆಮನೆಯ ಒಳಗೆ ನಾವು ಹೋಗಲಿಲ್ಲ. ಆದ್ದರಿಂದ ಒಳಗಿನದರ ಬಗ್ಗೆ ಒಂದು ಅಕ್ಷರ ಬರೆಯುವುದಿಲ್ಲ.

ಇನ್ನೊಂದು ಎಚ್ಚರಿಕೆ, ಗ್ರೂಪಿಗೆ ಬರೆಯುವ ಗೆಳೆಯರಿಗೆ. ಹೊಟ್ಟೆ ಕೆಟ್ಟರೆ ಎಲ್ಲರೂ ಕೊನೆಗೆ ಉಂಡ ಹೋಟೆಲನ್ನೇ ಬೈಯುತ್ತಾರೆ. ಆದರೆ ಊಟದಿಂದ ಬರುವ ಕಾಯಿಲೆಗಳಲ್ಲಿ ಕೆಲವು ಒಂದೆರಡು ಗಂಟೆಯಲ್ಲೇ ವಾಂತಿ ಮಾಡಿಸುತ್ತವೆ, ಕೆಲವು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತವೆ. ಬುಧವಾರದ ಭೇದಿಗೆ ಸೋಮವಾರದ ಮದುವೆ ಊಟವೂ ಕಾರಣ ಇರಬಹುದು, ಮನೆಯ ನೀರೂ ಇರಬಹುದು. ಒಟ್ಟಿಗೆ ಉಂಡ ನಾಲ್ಕೈದು ಜನರಿಗೆ ಒಂದೇ ಹೊತ್ತಿಗೆ ಹಾಗಾದರೆ ಅನುಮಾನಕ್ಕೆ ಬಲ ಬರುತ್ತದೆ. ಆಗ ಮೊದಲು ಡಾಕ್ಟರ ಹತ್ತಿರ ಹೋಗಿ, ಚೀಟಿ ಬರೆಸಿ, ಬಿಲ್ಲು ಇಟ್ಟುಕೊಂಡು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡಬೇಕು. ಸ್ಯಾಂಪಲ್ ತೆಗೆಯುವ ಅಧಿಕಾರ ಅವರಿಗಿದೆ, ವಾಟ್ಸಾಪ್ ಗ್ರೂಪಿಗಿಲ್ಲ.

ಬರೆಯುವ ಮುಂಚೆ ನಮ್ಮಲ್ಲಿ ಮುಖ ಪರಿಚಯ ಇದ್ದವರೇ ಹೋಗಿ ಮಾಲೀಕರಿಗೆ ಎಲ್ಲ ಹೇಳಿದರು. ಮೊದಲ ಊಟದ ದುಡ್ಡನ್ನೂ ಕೊಟ್ಟರು. ಮಾಲೀಕರಿಗೆ ಬೇಜಾರಾಯಿತು. ‘ಪುಕ್ಕಟೆ ಉಂಡಾಗ ಚಲೋ ಅಂದ್ರಿ, ದುಡ್ಡು ಕೊಟ್ಟ ಮ್ಯಾಲ ತಪ್ಪು ಹುಡುಕಿದ್ರಿ. ನಮ್ಮಂಥ ಸಣ್ಣವ್ರೇ ಸಿಗ್ತೇವೇನ್ರಿ ನಿಮಗ?’ ಅಂದರು. ಆ ಪ್ರಶ್ನೆಗೆ ನಮ್ಮ ಉತ್ತರ ಇದು. ಸಣ್ಣವರ ಬಗ್ಗೆ ಬರೆಯುವಾಗ ಎರಡು ಸಲ ಹೋಗಬೇಕು, ಕೇಳಬೇಕು, ಅವರ ಮಾತನ್ನೂ ಹಾಕಬೇಕು, ಹೆಸರು ಹಾಕುವ ಮುಂಚೆ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಅದಕ್ಕೇ ಇಲ್ಲಿ ಅವರ ಹೆಸರಿಲ್ಲ. ಆದರೆ ಸಣ್ಣವರು ಅಂತ ಎಣಿಸುವುದನ್ನೇ ಬಿಟ್ಟರೆ, ಅವರಿಗಿಂತ ಸಣ್ಣವರಾದ, ಬಸ್ ಚಾರ್ಜು ಎಣಿಸಿಟ್ಟುಕೊಂಡು ಬರುವ ಆ ತಾಯಿ ಮಗನಿಗೆ ಮತ್ತೆ ಅರವತ್ತು ರೂಪಾಯಿ ಕಡಿಮೆ ಬೀಳುತ್ತದೆ.

ಹೋದ ವರ್ಷದ ಹತ್ತು ಸಾಲು ತೆಗೆದುಹಾಕಿದ್ದೇವೆ. ಅದರ ಜಾಗದಲ್ಲಿ ಹಾಕಿದ್ದು ಇದು:

‘ಒಂದು ಖಾನಾವಳಿ. ಎರಡು ಸಲ ಉಂಡೆವು, ಎರಡೂ ಸಲ ದುಡ್ಡು ಕೊಟ್ಟೆವು. ಇದಕ್ಕೂ ಮುಂಚೆ ಒಮ್ಮೆ ಪುಕ್ಕಟೆ ಉಂಡು ಹೊಗಳಿದ್ದೆವು, ಅದು ತಪ್ಪು.

ದರ: ಊಟಕ್ಕೆ 90 ರೂಪಾಯಿ. ಅದರಲ್ಲಿ 2 ರೊಟ್ಟಿ. ಹೆಚ್ಚಿನ ರೊಟ್ಟಿಗೆ ತಲಾ 15. ದುಡಿಯುವವರಿಗೆ ನಾಲ್ಕು ಬೇಕು, ಆದ್ದರಿಂದ 120 ಹಿಡಿದುಕೊಂಡು ಹೋಗಿ.

ರೊಟ್ಟಿ: ಬಿಸಿ, ಚೆನ್ನಾಗಿ ಬೆಂದಿತ್ತು, ಹಗುರ. ಸ್ವಲ್ಪ ಗೋದಿ ಹಿಟ್ಟು ಸೇರಿದೆ.

ಎಣ್ಣೆಗಾಯಿ: ಎರಡೂ ದಿನ ರುಚಿ ಸರಿಯಿತ್ತು, ಖಾರ. ಮಧ್ಯಾಹ್ನ ಒಂದಕ್ಕೆ ಎರಡು ಕಾಯಿ, ಮೂರರ ಮೇಲೆ ಒಂದು.

ಕಾಳುಪಲ್ಯ: ಒಂದು ಗಂಟೆಗೆ ಚೆನ್ನಾಗಿತ್ತು. ಇನ್ನೊಂದು ದಿನ ಮೂರೂ ಇಪ್ಪತ್ತಕ್ಕೆ ಹಳಸಿತ್ತು. ಹೇಳಿದ ಕೂಡಲೆ ಎಲ್ಲರ ತಾಟಿನಿಂದಲೂ ತೆಗೆಸಿದರು.

ಜುಣಕ, ಚಟ್ನಿಪುಡಿ: ಚೆನ್ನಾಗಿವೆ, ಕೇಳಿದಷ್ಟು ಹಾಕುತ್ತಾರೆ. ಮೊಸರು: ನೀರು, ಅರ್ಧ ಬಟ್ಟಲು. ಅನ್ನ: ಎರಡೂ ದಿನ ಬಿಸಿ. ಸಾರು: ತಿಳಿ, ಉಪ್ಪು ಸರಿ.

ಬಡಿಸುವುದು: ಕೆಲವು ಮೇಜಿಗೆ ಕರೆಯದೆ ಬರುತ್ತಾರೆ, ಕೆಲವಕ್ಕೆ ಮೂರು ಸಲ ಕರೆಯಬೇಕು.

ಕಂಡದ್ದು: ನೀರಿಗೆ ನಲ್ಲಿ ಇದೆ. ಸೋಪು ಒಂದು ದಿನ ಇರಲಿಲ್ಲ. ಮೇಜಿನ ಬಟ್ಟೆಯಲ್ಲೇ ತಾಟು ಒರೆಸುತ್ತಾರೆ. ನೋಂದಣಿ ಪತ್ರ ಕಾಣುವಂತಿದೆ. ಅಡುಗೆಮನೆ ನೋಡಿಲ್ಲ.

ನಮ್ಮ ಮಾತು: ಎರಡು ಗಂಟೆಯೊಳಗೆ ಹೋದರೆ ಕೊಟ್ಟ ದುಡ್ಡಿಗೆ ತಕ್ಕ ಊಟ. ಆಮೇಲೆ ಹೋದರೆ ಕಾಳುಪಲ್ಯವನ್ನು ಮೊದಲು ಮೂಸಿ ನೋಡಿ.’

ಇದನ್ನು ಓದಿ ಯಾರೂ ಕಣ್ಣು ಮುಚ್ಚಿ ತಲೆ ಅಲ್ಲಾಡಿಸುವುದಿಲ್ಲ. ಷೇರೂ ಕಡಿಮೆ. ಮೊನ್ನೆ ಅದೇ ಓಣಿಯಲ್ಲಿ ಹೋಗುವಾಗ ನೋಡಿದೆವು, ಖಾನಾವಳಿಯ ಬೋರ್ಡಿನಲ್ಲಿ ‘2 ರೊಟ್ಟಿ, ಹೆಚ್ಚಿಗೆ 15’ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ. ಆ ಓದುಗರಿಗೆ ಫೋನ್ ಮಾಡಿ ಹೇಳಿದೆವು. ‘ಹಂಗಾರ ಮುಂದಿನ ಸಲ ಬುತ್ತಿ ಕಟ್ಕೊಂಡ ಬರ್ತೀವ್ರಿ, ಪಲ್ಯ ಅಷ್ಟ ಅಲ್ಲಿ ತಗೋತೀವಿ’ ಅಂದರು.